ಹಗ್ಗಕ್ಕಿಂತ ದೋಣಿ ಜೋರಾಗಿ ಬರುವುದು ಯಾಕೆ?

(ಕಾರವಾರದಲ್ಲಿ ಪಿಯು ಮಕ್ಕಳು, ಕೆಲವು ಮಾಸ್ತರರು ಮತ್ತು ಆಸಕ್ತಿಯಿಂದ ಬಂದ ಊರಿನವರ ಮುಂದೆ ಆಡಿದ ಮಾತು ಇದು. ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಬೇಕಾಗಿ ಬಂದಿದ್ದರಿಂದ ಅಲ್ಲಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಬೈತಖೋಲ ಬಂದರಿನ ಕಡೆ ಹೋದವರೆಲ್ಲ ಇದನ್ನು ನೋಡಿರುತ್ತೀರಿ. ಸಣ್ಣ ದೋಣಿಯೊಂದು ಧಕ್ಕೆಯ ಹತ್ತಿರ ಬರುತ್ತದೆ, ಇಂಜಿನ್ ಆಫ್ ಮಾಡುತ್ತಾರೆ, ದೋಣಿಯಲ್ಲಿದ್ದವರು ಹಗ್ಗ ಎಸೆಯುತ್ತಾರೆ, ಮೇಲೆ ನಿಂತವರು ಅದನ್ನು ಹಿಡಿದು ಎಳೆಯುತ್ತಾರೆ. ಇವತ್ತು ನಾನು ಮಾತಾಡುವುದು ಆ ಎಳೆಯುವ ಅರ್ಧ ನಿಮಿಷದ ಬಗ್ಗೆ.

ಒಂದು ಪ್ರಶ್ನೆಯಿಂದ ಶುರು ಮಾಡೋಣ. ಎಳೆಯುವವನ ಕೈ ದೋಣಿಯ ಮೂತಿಗಿಂತ 3 ಮೀಟರ್ ಮೇಲಿದೆ. ಅವನು ಹಗ್ಗವನ್ನು ಸೆಕೆಂಡಿಗೆ ಅರ್ಧ ಮೀಟರಿನಂತೆ ಒಂದೇ ಸಮನೆ ಎಳೆದುಕೊಳ್ಳುತ್ತಿದ್ದಾನೆ. ಇನ್ನೂ 5 ಮೀಟರ್ ಹಗ್ಗ ಹೊರಗಿದೆ. ಆ ಕ್ಷಣದಲ್ಲಿ ದೋಣಿ ನೀರಿನ ಮೇಲೆ ಎಷ್ಟು ವೇಗವಾಗಿ ಬರುತ್ತಿದೆ? ಹಗ್ಗದಷ್ಟೇ ವೇಗವಾ, ಕಮ್ಮಿಯಾ, ಜಾಸ್ತಿಯಾ?

ಕೈ ಎತ್ತಿ ಅಂದಾಗ "ಕಮ್ಮಿ" ಅಂದವರೇ ಹೆಚ್ಚು. ಅವರ ಕಾರಣವೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಹಗ್ಗ ಓರೆಯಾಗಿದೆ, ಎಳೆತದ ಒಂದು ಪಾಲು ಮೇಲಕ್ಕೆ ಹೋಗುತ್ತದೆ, ಉಳಿದ ಪಾಲು ಮಾತ್ರ ದೋಣಿಯನ್ನು ಮುಂದಕ್ಕೆ ತರುತ್ತದೆ, ಹಾಗಾಗಿ ದೋಣಿ ನಿಧಾನ. ಲೆಕ್ಕ ಗೊತ್ತಿದ್ದ ಒಬ್ಬ ಹುಡುಗಿ ಉತ್ತರವನ್ನೂ ಹೇಳಿದಳು: 0.5 ಅನ್ನು 4/5 ರಿಂದ ಗುಣಿಸಿ, 0.4 ಮೀಟರ್. ಈ ಉತ್ತರ ತಪ್ಪು. ಎಲ್ಲಿ ತಪ್ಪಿತು ಅನ್ನುವುದಕ್ಕೆ ಆಮೇಲೆ ಬರುತ್ತೇನೆ, ಯಾಕಂದರೆ ಈ ತಪ್ಪಿನಲ್ಲೇ ಕಲಿಯುವುದು ಜಾಸ್ತಿ ಇದೆ.

ಮೊದಲು ಚಿತ್ರ. ಎಳೆಯುವವನ ಕೈಯಿಂದ ದೋಣಿಯ ಮೂತಿಯವರೆಗೆ ಹಗ್ಗ, ಅದರ ಉದ್ದ L. ಕೈಯಿಂದ ನೇರ ಕೆಳಗೆ ಮೂತಿಯ ಮಟ್ಟದವರೆಗೆ ಎತ್ತರ h. ಅಲ್ಲಿಂದ ದೋಣಿಯವರೆಗೆ ಅಡ್ಡ ದೂರ x. ಲಂಬಕೋನ ತ್ರಿಭುಜ ಸಿಕ್ಕಿತು ಅಲ್ವಾ? ಹಾಗಾದರೆ

```
x² + h² = L²
```

ಇದು ಹೈಸ್ಕೂಲಿನಲ್ಲೇ ಕಲಿತದ್ದು. ಆದರೆ ಇಲ್ಲಿ ಒಂದು ವಿಷಯ ಗಮನಿಸಿ. ದೋಣಿ 20 ಮೀಟರ್ ದೂರ ಇದ್ದಾಗಲೂ ಈ ಸಂಬಂಧ ನಿಜ, 4 ಮೀಟರ್ ಇದ್ದಾಗಲೂ ನಿಜ, ಆ ಎರಡರ ನಡುವಿನ ಪ್ರತಿಯೊಂದು ಕ್ಷಣದಲ್ಲೂ ನಿಜ. ಎಳೆಯುವಷ್ಟು ಹೊತ್ತೂ ನಿಜವಾಗಿರುವ ಕಾರಣಕ್ಕೇ ಎರಡೂ ಕಡೆ ಕಾಲಕ್ಕೆ ಸಂಬಂಧಿಸಿದಂತೆ ಡಿಫರೆನ್ಶಿಯೇಟ್ ಮಾಡುವ ಹಕ್ಕು ನಮಗೆ ಬರುತ್ತದೆ. ಎಡಗಡೆ, ಬಲಗಡೆ ಯಾವಾಗಲೂ ಸಮ ಆಗಿದ್ದರೆ ಅವು ಬದಲಾಗುವ ವೇಗವೂ ಸಮ ಆಗಿರಲೇಬೇಕು.

ಮಾಡೋಣ. h ಬದಲಾಗುವುದಿಲ್ಲ, ಎಳೆಯುವವನು ಒಂದೇ ಕಡೆ ನಿಂತಿದ್ದಾನೆ. x ಮತ್ತು L ಎರಡೂ ಕಾಲದ ಜೊತೆ ಬದಲಾಗುತ್ತವೆ. ಆದ್ದರಿಂದ

```
2x · dx/dt = 2L · dL/dt
```

ಇಲ್ಲಿ x² ನ ಹಿಂದೆ dx/dt ಅನ್ನುವ ಬಾಲ ಯಾಕೆ ಬಂತು ಅಂತ ತುಂಬ ಮಕ್ಕಳು ಕೇಳುತ್ತಾರೆ. ಚೈನ್ ರೂಲ್ ಅಂತ ಒಂದೇ ಮಾತಲ್ಲಿ ಹೇಳಿ ಮುಂದೆ ಹೋಗಬಹುದು, ಆದರೆ ನೋಡಿ ನಂಬುವುದು ಒಳ್ಳೆಯದು. x ಅಂದರೆ ಒಂದು ಚೌಕದ ಬಾಹು ಅಂದುಕೊಳ್ಳಿ, ಅಂಗಳದಲ್ಲಿ 4 ಮೀಟರಿಗೆ 4 ಮೀಟರ್ ಚೌಕ ಗೀಚಿದ್ದೀರಿ. ಅದರ ಬಾಹುವನ್ನು 1 ಸೆಂಟಿಮೀಟರ್ ಕಮ್ಮಿ ಮಾಡಿದರೆ ಏನು ಹೋಗುತ್ತದೆ? ಎರಡು ಬದಿಯಲ್ಲಿ ಎರಡು ಪಟ್ಟಿ, ಒಂದೊಂದೂ 4 ಮೀಟರ್ ಉದ್ದ, 1 ಸೆಂಟಿಮೀಟರ್ ಅಗಲ. ಮೂಲೆಯಲ್ಲಿ ಒಂದು ಚಿಕ್ಕ ಚೂರು ಎರಡು ಸಲ ಲೆಕ್ಕಕ್ಕೆ ಬರುತ್ತದೆ, ಅದು ಎಷ್ಟು ಚಿಕ್ಕದು ಅಂದರೆ ಬಿಟ್ಟುಬಿಡಬಹುದು. 2x ಬರುವುದು ಆ ಎರಡು ಪಟ್ಟಿಗಳ ಉದ್ದದಿಂದ, dx/dt ಅಂದರೆ ಆ ಪಟ್ಟಿಯ ಅಗಲ ಸೆಕೆಂಡಿಗೆ ಎಷ್ಟು. ಬಾಲ ಬಿಟ್ಟರೆ ಪಟ್ಟಿಗೆ ಉದ್ದ ಇದೆ, ಅಗಲವೇ ಇಲ್ಲ ಅಂದ ಹಾಗೆ ಆಗುತ್ತದೆ.

ಈ ಚೌಕಗಳನ್ನೇ ಇಟ್ಟುಕೊಂಡು ನಮ್ಮ ದೋಣಿಯ ಪ್ರಶ್ನೆ ನೋಡಿ, ಬಹಳ ಚೆನ್ನಾಗಿ ಕಾಣುತ್ತದೆ. ಹಗ್ಗದ ಚೌಕ 5 × 5. ಎತ್ತರದ ಚೌಕ 3 × 3, ಅದು ಅಲುಗಾಡುವುದಿಲ್ಲ. ಹಾಗಾಗಿ ಹಗ್ಗದ ಚೌಕ ಎಷ್ಟು ಕಳೆದುಕೊಳ್ಳುತ್ತದೋ ಅಷ್ಟನ್ನೂ ದೂರದ ಚೌಕವೇ ಕಳೆದುಕೊಳ್ಳಬೇಕು. ಹಗ್ಗ 1 ಸೆಂಟಿಮೀಟರ್ ಒಳಗೆ ಬಂತು. ಹಗ್ಗದ ಚೌಕದಿಂದ 5 ಮೀಟರ್ ಉದ್ದದ ಎರಡು ಪಟ್ಟಿ ಹೋದವು, ಒಟ್ಟು 0.1 ಚದರ ಮೀಟರ್. ಅಷ್ಟೇ ಜಾಗ ದೂರದ ಚೌಕದಿಂದ ಹೋಗಬೇಕು, ಆದರೆ ಅಲ್ಲಿನ ಪಟ್ಟಿಗಳು ಬರೀ 4 ಮೀಟರ್ ಉದ್ದ. ಉದ್ದ ಕಮ್ಮಿ ಇದ್ದ ಮೇಲೆ ಅಗಲ ಜಾಸ್ತಿ ಬೇಕು. ಎಷ್ಟು? 0.1 ಅನ್ನು 8 ರಿಂದ ಭಾಗಿಸಿ, 1.25 ಸೆಂಟಿಮೀಟರ್. ಹಗ್ಗ 1 ಸೆಂಟಿಮೀಟರ್ ಬಂದರೆ ದೋಣಿ ಒಂದೂಕಾಲು ಸೆಂಟಿಮೀಟರ್ ಬಂತು. ದೋಣಿಯೇ ಜೋರು.

ಸೂತ್ರದಲ್ಲಿ ಹಾಕಿದರೂ ಅದೇ. ಹಗ್ಗ ಕಮ್ಮಿಯಾಗುತ್ತಿರುವುದರಿಂದ dL/dt = −0.5.

```
dx/dt = (L/x) · dL/dt = (5/4) · (−0.5) = −0.625
```

ಸೆಕೆಂಡಿಗೆ 0.625 ಮೀಟರ್. ಮೈನಸ್ ಅಂದರೆ ದೂರ ಕಮ್ಮಿಯಾಗುತ್ತಿದೆ. ಈ ಮೈನಸ್ಸನ್ನು ಕೊನೆಯಲ್ಲಿ ಅಂದಾಜಿಗೆ ಅಂಟಿಸಬೇಡಿ, ಮೊದಲೇ dL/dt ಗೆ ಕೊಟ್ಟರೆ ಅದು ತಾನಾಗಿಯೇ ಸರಿಯಾದ ಜಾಗಕ್ಕೆ ಬರುತ್ತದೆ.

ನಂಬಿಕೆ ಬರದಿದ್ದರೆ ಕ್ಯಾಲ್ಕುಲಸ್ ಬಿಟ್ಟು ಪರೀಕ್ಷೆ ಮಾಡಿ. ಸೆಕೆಂಡಿನ ಹತ್ತನೇ ಒಂದು ಭಾಗ ಕಳೆಯಲಿ. ಹಗ್ಗ 4.95 ಆಯಿತು. 4.95 ರ ವರ್ಗದಿಂದ 9 ಕಳೆದು ವರ್ಗಮೂಲ ತೆಗೆದರೆ x ಈಗ 3.9373. ಅಂದರೆ 0.1 ಸೆಕೆಂಡಿನಲ್ಲಿ 0.0627 ಮೀಟರ್, ವೇಗ 0.627. ಸಮಯವನ್ನು ಇನ್ನೂ ಕಿರಿದು ಮಾಡಿ 0.01 ಸೆಕೆಂಡ್ ತೆಗೆದುಕೊಂಡರೆ 0.6252. ನಮ್ಮ 0.625 ರ ಹತ್ತಿರ ಹತ್ತಿರ ಬರುತ್ತಿದೆ. ಮೊಬೈಲ್ ಕ್ಯಾಲ್ಕುಲೇಟರ್ ಸಾಕು ಇದಕ್ಕೆ, ಎರಡು ನಿಮಿಷದ ಕೆಲಸ. ಇಂಥ ಯಾವ ಲೆಕ್ಕ ಮಾಡಿದರೂ ಹೀಗೆ ಒಂದು ಸಲ ನೋಡುವುದು ನನ್ನ ಅಭ್ಯಾಸ, ಮೈನಸ್ ತಪ್ಪಿದ್ದರೂ ಬಾಲ ಬಿಟ್ಟಿದ್ದರೂ ಅಲ್ಲೇ ಸಿಕ್ಕಿಬೀಳುತ್ತದೆ.

ಈಗ ಆ 0.4 ರ ವಿಷಯ. ಹಗ್ಗದ ವೇಗವನ್ನು ಅಡ್ಡ, ಉದ್ದ ಅಂತ ಒಡೆದದ್ದೇ ಅಲ್ಲಿ ಆದ ತಪ್ಪು. ನಿಜಕ್ಕೂ ಚಲಿಸುತ್ತಿರುವ ವಸ್ತು ದೋಣಿ. ಅದು ಹೋಗುತ್ತಿರುವುದು ಅಡ್ಡಕ್ಕೆ ಮಾತ್ರ, ನೀರಿನ ಮೇಲೆ. ಆ ವೇಗವನ್ನು ಒಡೆಯಬೇಕು: ಒಂದು ಪಾಲು ಹಗ್ಗದ ದಿಕ್ಕಿನಲ್ಲಿ, ಇನ್ನೊಂದು ಪಾಲು ಹಗ್ಗಕ್ಕೆ ಲಂಬವಾಗಿ. ಹಗ್ಗದ ದಿಕ್ಕಿನ ಪಾಲು ಹಗ್ಗವನ್ನು ಗಿಡ್ಡ ಮಾಡುತ್ತದೆ. ಲಂಬದ ಪಾಲು ಹಗ್ಗವನ್ನು ತಿರುಗಿಸುತ್ತದೆ, ದೋಣಿ ಹತ್ತಿರ ಬಂದ ಹಾಗೆ ಹಗ್ಗ ಕಡಿದಾಗುತ್ತಾ ಹೋಗುವುದನ್ನು ನೋಡಿದ್ದೀರಲ್ಲ, ಅದೇ ಇದು. ಹಗ್ಗದ ದಿಕ್ಕಿನ ಪಾಲು 0.625 × 4/5 = 0.5, ನಾವು ಎಳೆಯುತ್ತಿರುವಷ್ಟೇ, ಸರಿಯಾಗಿ ಕೂತಿತು. ಎಳೆತದ ಬಲವನ್ನು ಒಡೆಯುವಾಗ ಆ ಹುಡುಗಿ ಹೇಳಿದ ರೀತಿ ಸರಿ, ಬಲದ ಒಂದು ಪಾಲು ಮೇಲಕ್ಕೆ ಹೋಗುವುದೂ ನಿಜ. ವೇಗಕ್ಕೆ ಆ ರೀತಿ ನಡೆಯುವುದಿಲ್ಲ, ಅಷ್ಟೆ. ಜ್ಯಾಮಿತಿಯ ಸಂಬಂಧ ಬರೆದು ಡಿಫರೆನ್ಶಿಯೇಟ್ ಮಾಡಿದರೆ ಯಾವುದನ್ನು ಒಡೆಯಬೇಕು ಅನ್ನುವ ಗೊಂದಲವೇ ಬರುವುದಿಲ್ಲ, ನನಗೆ ಈ ದಾರಿ ಇಷ್ಟವಾಗುವುದು ಅದಕ್ಕೇ.

ಇನ್ನೊಂದು ತಪ್ಪು, ಪರೀಕ್ಷೆ ಪತ್ರಿಕೆಗಳಲ್ಲಿ ನಾನು ಅತಿ ಹೆಚ್ಚು ನೋಡಿದ್ದು. ಪ್ರಶ್ನೆಯಲ್ಲಿ "ಹಗ್ಗ 5 ಮೀಟರ್ ಇದ್ದಾಗ" ಅಂತ ಇದೆ. ಅದನ್ನು ಓದಿದ ಕೂಡಲೇ L ನ ಜಾಗದಲ್ಲಿ 5 ಹಾಕಿಬಿಡುತ್ತಾರೆ.

```
x² + 9 = 25
2x · dx/dt = 0
```

dx/dt ಸೊನ್ನೆ, ದೋಣಿ ನಿಂತಿದೆ! ಕಣ್ಣ ಮುಂದೆ ದೋಣಿ ಬರುತ್ತಿದೆ, ಕಾಗದದ ಮೇಲೆ ನಿಂತಿದೆ. L = 5 ಅಂತ ಬರೆದ ಗಳಿಗೆಯಲ್ಲೇ ನಾವು ಹಗ್ಗ ಎಳೆಯುವುದನ್ನು ನಿಲ್ಲಿಸಿಬಿಟ್ಟೆವು, ಉದ್ದ ಬದಲಾಗದ ಹಗ್ಗಕ್ಕೆ ಕಟ್ಟಿದ ದೋಣಿ ಎಲ್ಲಿಗೆ ಬರಬೇಕು? 5 ಅನ್ನುವುದು ಒಂದು ಕ್ಷಣದ ಸಂಖ್ಯೆ. ಅದರ ಸರದಿ ಡಿಫರೆನ್ಶಿಯೇಟ್ ಮಾಡಿದ ಮೇಲೆ. 3 ಅನ್ನುವುದು ಹಾಗಲ್ಲ, ಅದು ಎಳೆಯುವಷ್ಟು ಹೊತ್ತೂ 3, ಮೊದಲೇ ಹಾಕಿದರೂ ಪರವಾಗಿಲ್ಲ. ಪ್ರಶ್ನೆಯಲ್ಲಿ ಕೊಟ್ಟ ಪ್ರತಿ ಸಂಖ್ಯೆಯನ್ನೂ "ನೀನು ಈ ಕ್ಷಣಕ್ಕೆ ಮಾತ್ರವಾ, ಯಾವಾಗಲೂವಾ?" ಅಂತ ಕೇಳಿ. "ಇದ್ದಾಗ", "ಆದಾಗ" ಅನ್ನುವ ಪದ ಪಕ್ಕದಲ್ಲಿದ್ದರೆ ಹೆಚ್ಚಾಗಿ ಅದು ಕ್ಷಣದ ಸಂಖ್ಯೆಯೇ.

ಸರಿ, ದೋಣಿ ಇನ್ನೂ ಹತ್ತಿರ ಬರಲಿ. L/x ಅನ್ನುವ ಆ ಭಾಗವನ್ನು ಗಮನಿಸಿ. ಹಗ್ಗ 30 ಮೀಟರ್ ಇದ್ದಾಗ x ಹೆಚ್ಚೂಕಮ್ಮಿ 29.85, ಹಗ್ಗದ ವೇಗಕ್ಕೂ ದೋಣಿಯ ವೇಗಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. 5 ಮೀಟರಿಗೆ 0.625. ಹಗ್ಗ 3.4 ಆದಾಗ x 1.6, ದೋಣಿಯ ವೇಗ 1.06, ಹಗ್ಗದ ವೇಗದ ಎರಡರಷ್ಟಕ್ಕಿಂತ ಜಾಸ್ತಿ. ಹಗ್ಗ 3.05 ಆದಾಗ x ಬರೀ 0.55, ವೇಗ 2.77. x ಸೊನ್ನೆಯ ಹತ್ತಿರ ಹೋದ ಹಾಗೆ ವೇಗಕ್ಕೆ ಮಿತಿಯೇ ಇಲ್ಲ ಅನ್ನುತ್ತದೆ ಸೂತ್ರ.

ಇಲ್ಲಿಗೆ ಬಂದಾಗ ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು, ಮೀನುಗಾರಿಕೆ ಮಾಡಿದವರು, ಎದ್ದು ನಿಂತು ಹೇಳಿದರು: "ಮಾಸ್ತರೇ, ಹತ್ರ ಬಂದ ಹಂಗೆ ದೋಣಿ ಓಡ್ಕೊಂಡೇ ಬರ್ತದೆ. ಅದಕ್ಕೇ ಕೊನೆಗೆ ನಾವು ಹಗ್ಗ ಎಳೆಯೂದಿಲ್ಲ, ಸುಮ್ನೆ ಹಿಡ್ಕಂಡು ನಿಲ್ತೇವೆ. ಇಲ್ಲಾಂದ್ರೆ ಬಂದು ಗುದ್ದೇ ಗುದ್ತದೆ." ನನಗೆ ಇದಕ್ಕಿಂತ ಒಳ್ಳೆಯ ವಿವರಣೆ ಬೇಕಿರಲಿಲ್ಲ. ಸೂತ್ರ ಹೇಳಿದ "ಮಿತಿ ಇಲ್ಲದ ವೇಗ" ನಿಜವಾಗಿ ಬರುವುದಿಲ್ಲ, ಯಾಕಂದರೆ ಸೂತ್ರ ಎರಡು ಮಾತನ್ನು ನಂಬಿಕೊಂಡಿದೆ: ಹಗ್ಗ ಕೊನೆಯವರೆಗೂ ಅದೇ ಅರ್ಧ ಮೀಟರ್ ವೇಗದಲ್ಲಿ ಬರುತ್ತದೆ, ದೋಣಿ ನೀರನ್ನು ಬಿಟ್ಟು ಮೇಲೇಳುವುದಿಲ್ಲ. ಹಗ್ಗ ಹೆಚ್ಚು ಕಡಿಮೆ ನೆಟ್ಟಗೆ ನಿಂತ ಮೇಲೆ ಈ ಎರಡನ್ನೂ ಒಟ್ಟಿಗೆ ಕಾಪಾಡಲು ಮನುಷ್ಯನ ಕೈಯಿಂದ ಆಗುವುದಿಲ್ಲ. ಎಳೆತ ನಿಧಾನ ಆಗುತ್ತದೆ, ಅಥವಾ ಮೂತಿ ಮೇಲೇಳುತ್ತದೆ, ಅಥವಾ ದೋಣಿಯೇ ಮುಂದೆ ಓಡಿ ಹಗ್ಗ ಸಡಿಲವಾಗುತ್ತದೆ. ಹಗ್ಗ ಸಡಿಲವಾದ ಕೂಡಲೇ ಅದು ತ್ರಿಭುಜದ ಬಾಹುವಾಗಿ ಉಳಿಯುವುದಿಲ್ಲ, ನಮ್ಮ ಸಂಬಂಧವೂ ಅಲ್ಲಿಗೆ ಮುಗಿಯಿತು.

ಅವರ ಮಾತು ಕೇಳಿ ನಾನು ತಯಾರಿ ಮಾಡಿಕೊಂಡು ಬಂದಿರದ ಒಂದು ಲೆಕ್ಕವನ್ನು ಅಲ್ಲೇ ಬೋರ್ಡಿನ ಮೇಲೆ ಮಾಡಿದೆವು. ದೋಣಿ ಕಟ್ಟಿಹಾಕಿ ಮನೆಗೆ ಹೋದ ಮೇಲೆ ಏನಾಗುತ್ತದೆ? ಇಳಿತ ಶುರುವಾಗುತ್ತದೆ. ಹಗ್ಗ ಕಟ್ಟಿದ ಗೂಟ ಇದ್ದಲ್ಲೇ ಇದೆ, ದೋಣಿ ನೀರಿನ ಜೊತೆ ಕೆಳಗೆ ಹೋಗುತ್ತದೆ. ಈಗ ಬದಲಾಗುತ್ತಿರುವುದು h ಮತ್ತು x. L ಬದಲಾಗುತ್ತಿಲ್ಲ! ಸಂಬಂಧ ಅದೇ, ಪ್ರಶ್ನೆ ಬೇರೆ.

```
x · dx/dt + h · dh/dt = 0
dx/dt = −(h/x) · dh/dt
```

ಸ್ವಲ್ಪ ಹೊತ್ತಿನ ಮುಂಚೆ L ಗೆ 5 ಹಾಕಬೇಡಿ ಅಂದೆ, ಈಗ ಧಾರಾಳವಾಗಿ ಹಾಕಬಹುದು, ಯಾಕಂದರೆ ಈ ಸಲ ಹಗ್ಗ ನಿಜಕ್ಕೂ ಇಡೀ ಹೊತ್ತು 5 ಮೀಟರೇ. ನೀರು ಗಂಟೆಗೆ 25 ಸೆಂಟಿಮೀಟರಿನಂತೆ ಇಳಿಯುತ್ತಿದೆ ಅಂತ ಇಟ್ಟುಕೊಳ್ಳೋಣ, ಆರು ಗಂಟೆಯ ಇಳಿತಕ್ಕೆ ಒಂದೂವರೆ ಮೀಟರ್ ಆಯಿತು. ಗೂಟ 3 ಮೀಟರ್ ಮೇಲೆ, ದೋಣಿ 4 ಮೀಟರ್ ದೂರ, ಹಗ್ಗ ಬಿಗಿಯಾಗಿದೆ. ಆಗ dx/dt = −(3/4) × 0.25, ಗಂಟೆಗೆ ಸುಮಾರು 19 ಸೆಂಟಿಮೀಟರ್ ಧಕ್ಕೆಯ ಕಡೆ ಬರಲೇಬೇಕು. ಯಾರೂ ಎಳೆಯದೆ, ಬರೀ ನೀರು ಇಳಿದದ್ದಕ್ಕೆ.

ಹಗ್ಗ ಗಿಡ್ಡ ಕಟ್ಟಿದ್ದರೆ? ಹಗ್ಗ 3.4 ಮೀಟರ್, ಗೂಟ 3 ಮೀಟರ್ ಮೇಲೆ, ದೋಣಿ 1.6 ದೂರದಲ್ಲಿ. ಆಗ ಗಂಟೆಗೆ 47 ಸೆಂಟಿಮೀಟರ್, ಅದೂ ಬರಬರುತ್ತಾ ಜೋರಾಗುತ್ತದೆ, h ಏರುತ್ತದೆ, x ಇಳಿಯುತ್ತದೆ, h/x ಎರಡೂ ಕಡೆಯಿಂದ ದೊಡ್ಡದಾಗುತ್ತದೆ. ನೀರು 40 ಸೆಂಟಿಮೀಟರ್ ಇಳಿದಾಗ h ಹಗ್ಗದಷ್ಟೇ ಆಗುತ್ತದೆ, x ಸೊನ್ನೆ. ಅದಕ್ಕೆ ಬೇಕಾಗುವುದು ಒಂದು ಗಂಟೆ ಮೂವತ್ತಾರು ನಿಮಿಷ. ಆಮೇಲೂ ನೀರು ಇಳಿಯುತ್ತದೆ, ದೋಣಿಯ ಮೂತಿ ಹಗ್ಗದಲ್ಲಿ ನೇತಾಡುತ್ತದೆ. "ಹೌದು, ಇಳಿತಕ್ಕೆ ಹಗ್ಗ ಬಿಟ್ಟೇ ಕಟ್ಟಬೇಕು" ಅಂದರು ಅವರು. ಎಷ್ಟು ಬಿಡಬೇಕು ಅನ್ನುವುದು ಅವರಿಗೆ ಕೈಗೆ ಗೊತ್ತು, ನಮಗೆ ಈ ಎರಡು ಸಾಲಿನಿಂದ ಗೊತ್ತಾಗುತ್ತದೆ.

ಭರತ ಬರುವಾಗ ಇದೇ ಸೂತ್ರ ಹಾಕಿದರೆ x ಜಾಸ್ತಿಯಾಗುತ್ತದೆ ಅನ್ನುತ್ತದೆ. ಅಲ್ಲಿ ಜಾಗ್ರತೆ. ನೀರು ಏರಿದರೆ ಹಗ್ಗ ಸಡಿಲವಾಗುತ್ತದೆ, ದೋಣಿ ದೂರ ಹೋಗಬಹುದು, ಹೋಗಲೇಬೇಕು ಅಂತ ಇಲ್ಲ. ಗಾಳಿ ಹೊರಗೆ ತಳ್ಳುತ್ತಿದ್ದರೆ ಮಾತ್ರ ಹಗ್ಗ ಬಿಗಿಯಾಗಿ ಉಳಿಯುತ್ತದೆ.

ಇನ್ನು ಒಂದೇ ಒಂದು ಲೆಕ್ಕ. ದೋಣಿಯಲ್ಲಿ ಸಂಬಂಧ ಬರೆಯುವುದು ಸುಲಭವಾಗಿತ್ತು, ಪೈಥಾಗೊರಸ್ ಕೊಟ್ಟುಬಿಟ್ಟ. ಕೆಲವು ಕಡೆ ಒಂದು ಸಂಬಂಧ ಸಾಲುವುದಿಲ್ಲ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳನ್ನು ನೋಡಿದವರಿಗೆ ಉಪ್ಪಿನ ರಾಶಿ ಗೊತ್ತು. ಬುಟ್ಟಿ ಬುಟ್ಟಿ ತಂದು ಒಂದೇ ಕಡೆ ಸುರಿದರೆ ಶಂಕುವಿನ ಆಕಾರದ ಗುಡ್ಡೆ ಆಗುತ್ತದೆ. ಒಂದು ಬುಟ್ಟಿಗೆ 20 ಲೀಟರ್, ನಿಮಿಷಕ್ಕೆ ಎರಡು ಬುಟ್ಟಿ ಅಂದುಕೊಳ್ಳೋಣ, ಅಂದರೆ ನಿಮಿಷಕ್ಕೆ 0.04 ಘನ ಮೀಟರ್. ರಾಶಿ 1 ಮೀಟರ್ ಎತ್ತರ ಇದ್ದಾಗ ಎತ್ತರ ಎಷ್ಟು ವೇಗದಲ್ಲಿ ಏರುತ್ತದೆ?

```
V = (1/3) · π · r² · h
```

ಇಲ್ಲಿ r ಮತ್ತು h ಎರಡೂ ಬದಲಾಗುತ್ತವೆ, ನಮಗೆ ಗೊತ್ತಿರುವುದು V ಬದಲಾಗುವ ವೇಗ ಒಂದೇ. ಇನ್ನೊಂದು ಸಂಗತಿ ಬೇಕು. ಅದನ್ನು ಉಪ್ಪೇ ಕೊಡುತ್ತದೆ: ರಾಶಿ ಎಷ್ಟೇ ದೊಡ್ಡದಾದರೂ ಅದರ ಇಳಿಜಾರು ಹೆಚ್ಚೂಕಮ್ಮಿ ಒಂದೇ ಇರುತ್ತದೆ. ಅದಕ್ಕಿಂತ ಕಡಿದಾದರೆ ಉಪ್ಪು ಜಾರಿ ಕೆಳಗೆ ಬರುತ್ತದೆ. ತಳದ ತ್ರಿಜ್ಯ ಯಾವಾಗಲೂ ಎತ್ತರದ ಒಂದೂವರೆ ಪಟ್ಟು ಅಂತ ತೆಗೆದುಕೊಳ್ಳೋಣ, r = 1.5h. ಇದನ್ನು ಮೊದಲೇ ಹಾಕಬಹುದು, ಯಾಕಂದರೆ ಇದು ಕ್ಷಣದ ಮಾತಲ್ಲ, ಯಾವಾಗಲೂ ನಿಜ.

```
V = 0.75 · π · h³
dV/dt = 2.25 · π · h² · dh/dt
```

h = 1 ಹಾಕಿದರೆ dh/dt = 0.04 / 7.07, ನಿಮಿಷಕ್ಕೆ ಸುಮಾರು 5.7 ಮಿಲಿಮೀಟರ್. ಎತ್ತರ 2 ಮೀಟರ್ ಆದಾಗ ಇದರ ಕಾಲು ಭಾಗ, 1.4 ಮಿಲಿಮೀಟರ್.

ಯಾರಾದರೂ r = 1.5 ಅಂತ ಸಂಖ್ಯೆಯನ್ನೇ ಮೊದಲು ಹಾಕಿಬಿಟ್ಟರೆ 17 ಮಿಲಿಮೀಟರ್ ಬರುತ್ತದೆ, ಸರಿಯಾದದ್ದರ ಮೂರು ಪಟ್ಟು. ದೋಣಿಯಲ್ಲಿ ಆದ ತಪ್ಪೇ ಇದು, ಆದರೆ ಉತ್ತರ ಸೊನ್ನೆ ಬರುವುದಿಲ್ಲವಾದ್ದರಿಂದ ಗೊತ್ತಾಗುವುದಿಲ್ಲ, ಹಾಗಾಗಿ ಇದು ಹೆಚ್ಚು ಅಪಾಯದ್ದು. ತಳ ಅಗಲವಾಗದೆ ತುದಿ ಮಾತ್ರ ಚೂಪಾಗಿ ಏಳುವ ರಾಶಿಯ ಲೆಕ್ಕ ಅದು. ಅಂಥ ಉಪ್ಪಿನ ರಾಶಿ ಇಲ್ಲ.

ಹಿಡಿಯುವುದು ಹೇಗೆ? 2.25πh² ಅಂದರೆ ಏನು ಅಂತ ನೋಡಿ. r = 1.5h ಆದ್ದರಿಂದ ಅದು πr², ರಾಶಿಯ ತಳದ ವಿಸ್ತೀರ್ಣ! ಹೊಸ ಉಪ್ಪು ತುದಿಯಲ್ಲಿ ನಿಲ್ಲುವುದಿಲ್ಲ, ಜಾರಿ ಜಾರಿ ಇಡೀ ಇಳಿಜಾರಿನ ಮೇಲೆ ಹರಡುತ್ತದೆ, ಇಳಿಜಾರು ಬದಲಾಗದ ಕಾರಣ ರಾಶಿಯ ಮೈ ಎಲ್ಲ ಕಡೆಯೂ ಒಂದೇ ಸಮ ಮೇಲೇಳುತ್ತದೆ. ಹಾಗಾಗಿ 1 ಸೆಂಟಿಮೀಟರ್ ಎತ್ತರ ಏರಿಸಲು ಬೇಕಾದ ಉಪ್ಪು ಅಂದರೆ ತಳದಷ್ಟೇ ಅಗಲದ, 1 ಸೆಂಟಿಮೀಟರ್ ದಪ್ಪದ ಒಂದು ಪದರ. 1 ಮೀಟರ್ ರಾಶಿಗೆ ಅದು 0.07 ಘನ ಮೀಟರ್, ಮೂರೂವರೆ ಬುಟ್ಟಿ. 2 ಮೀಟರ್ ರಾಶಿಗೆ ಅದೇ ಒಂದು ಸೆಂಟಿಮೀಟರ್ ಏರಿಸಲು ಹದಿನಾಲ್ಕು ಬುಟ್ಟಿ ಹೊರಬೇಕು.